ಹಳೆಯ ಕೈಗಡಿಯಾರದ ಅಸಲಿತನ ತಿಳಿಯಲು ಫೋಟೋ ತೆಗೆಯುವ ಕ್ರಮ

ನಮ್ಮ ವಾಚನಾಲಯದ ಸದಸ್ಯರೊಬ್ಬರು ರಸ್ತೆಬದಿಯಲ್ಲಿ 1,800 ರೂಪಾಯಿ ಕೊಟ್ಟು ಎಚ್.ಎಂ.ಟಿ. ಜನತಾ ಗಡಿಯಾರವೊಂದನ್ನು ಕೊಂಡರು. ಅವರ ತಂದೆಯವರು ಕಷ್ಟಕಾಲದಲ್ಲಿ ಅಂಥದೇ ಒಂದನ್ನು ಮಾರಿದ್ದರಂತೆ. ಊರಿಗೆ ಹೋದಾಗ ಕೈಗೆ ಕಟ್ಟಬೇಕೆಂಬ ಆಸೆ. ಕೊಂಡ ಮೇಲೆ ಅನುಮಾನ ಬಂತು. ಗಡಿಯಾರ ಬಲ್ಲವರೊಬ್ಬರಿಗೆ ಮೂರು ಫೋಟೋ ಕಳುಹಿಸಿದರು. "ಇದರಿಂದ ಏನೂ ಹೇಳಲಾಗದು" ಎಂದು ಉತ್ತರ ಬಂತು. ಮೂರರಲ್ಲಿಯೂ ಗಾಜಿನ ಮೇಲೆ ಫ್ಲಾಷಿನ ಬಿಳಿ ಚುಕ್ಕೆ, ಅದರಡಿ ಮಸುಕಾದ ಅಕ್ಷರಗಳು.

ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ತೊಡಗಿತು. ಆ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಸರ್ಕಾರ ನಿರ್ಧರಿಸಿತು. ಈಗ ಮಾರಾಟಕ್ಕೆ ಬರುವ ಹಳೆಯ ಗಡಿಯಾರಗಳಲ್ಲಿ ಹಲವು ಪೂರ್ತಿ ನಕಲಿಯಲ್ಲ. ಒಳಗಿನ ಯಂತ್ರ ಅಸಲಿ, ಡಯಲ್ ಮಾತ್ರ ಹೊಸದಾಗಿ ಬಣ್ಣ ಬಳಿದು ಅಚ್ಚು ಹಾಕಿದ್ದು. ಆದುದರಿಂದ ಫೋಟೋದಲ್ಲಿ ಮುಖ್ಯವಾಗಿ ಕಾಣಬೇಕಾದುದು ಡಯಲಿನ ಅಚ್ಚು.

ಮೊದಲು ಬೆಳಕು. ಫ್ಲಾಷ್ ಬೇಡ. ಹಗಲಿನಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಗಡಿಯಾರವನ್ನಿಟ್ಟು, ಕಿಟಕಿಗೆ ಎದುರು ಬದಿಯಲ್ಲಿ ಒಂದು ಬಿಳಿ ಕಾಗದ ನಿಲ್ಲಿಸಬೇಕು. ಕಾಗದದಿಂದ ಮರಳಿ ಬಂದ ಬೆಳಕು ನೆರಳನ್ನು ತಿಳಿಯಾಗಿಸುತ್ತದೆ. ಆದರೂ ಉಬ್ಬಿದ ಗಾಜಿನಲ್ಲಿ ಛಾವಣಿಯೂ ನಮ್ಮ ಮುಖವೂ ಕಾಣುತ್ತವೆ. ಅದಕ್ಕೊಂದು ಉಪಾಯ: ಕಪ್ಪು ಕಾಗದದಲ್ಲಿ ಮಸೂರದಷ್ಟೇ ತೂತು ಮಾಡಿ, ಅದನ್ನು ಫೋನಿನ ಮುಂದೆ ಹಿಡಿದು ಮೇಲಿನಿಂದ ತೆಗೆಯುವುದು. ಆಗ ಗಾಜಿನಲ್ಲಿ ಬೀಳುವ ಪ್ರತಿಬಿಂಬ ಕಪ್ಪಾದುದರಿಂದ ಡಯಲ್ ಸ್ವಚ್ಛವಾಗಿ ಕಾಣುತ್ತದೆ.

ಎರಡನೆಯದು ಹತ್ತಿರದ ಚಿತ್ರ. ಸಣ್ಣ ಅಕ್ಷರ ಕಾಣಲೆಂದು ಫೋನನ್ನು ಗಾಜಿಗೆ ಮುಟ್ಟುವಂತೆ ಒಯ್ಯುವುದು ಎಲ್ಲರೂ ಮಾಡುವ ತಪ್ಪು. ಬಹಳಷ್ಟು ಫೋನುಗಳ ಮುಖ್ಯ ಮಸೂರಕ್ಕೆ 10 ಸೆಂಟಿಮೀಟರಿಗಿಂತ ಹತ್ತಿರದ ವಸ್ತು ಸ್ಪಷ್ಟವಾಗುವುದಿಲ್ಲ; ಫೋನಿನ ನೆರಳೂ ಬೀಳುತ್ತದೆ. 20 ಸೆಂಟಿಮೀಟರ್ ದೂರದಲ್ಲಿಟ್ಟು ಎರಡು ಪಟ್ಟು ಹಿಗ್ಗಿಸಿ ತೆಗೆಯುವುದು ಮೇಲು. ಇನ್ನೂ ಸೂಕ್ಷ್ಮ ಬೇಕಾದರೆ ಗಡಿಯಾರ ರಿಪೇರಿಯವರು ಕಣ್ಣಿಗೆ ಹಚ್ಚುವ ಭೂತಗನ್ನಡಿಯನ್ನು ಮಸೂರಕ್ಕೆ ಒತ್ತಿ ಹಿಡಿದು, ಅಕ್ಷರ ಸ್ಪಷ್ಟವಾಗುವ ತನಕ ಮೆಲ್ಲನೆ ಹತ್ತಿರ ತರಬೇಕು. ಫೋನು ಡಯಲಿಗೆ ಸಮಾಂತರವಾಗಿರಲಿ. ವಾಲಿದರೆ ಒಂದು ಅಂಚು ಸ್ಪಷ್ಟ, ಇನ್ನೊಂದು ಮಸುಕು. ಕೈ ನಡುಗದಂತೆ ಎರಡು ಪುಸ್ತಕದ ರಾಶಿಗಳ ಮೇಲೆ ಫೋನನ್ನು ಅಡ್ಡಲಾಗಿಟ್ಟು, 3 ಸೆಕೆಂಡಿನ ಟೈಮರ್ ಹಾಕಿ.

ಮೂರನೆಯದು ಕೋನ ಮತ್ತು ಭಾಗಗಳು. ಡಯಲ್ ಪೂರ್ತಿ ಒಂದು. ಹೆಸರಿನ ಅಕ್ಷರ ಒಂದು. 6ರ ಸುತ್ತಲಿನ ನಿಮಿಷದ ಗೆರೆ ಮತ್ತು ಸಣ್ಣ ಬರಹ ಒಂದು. ಕೀಲಿ ತಿರುಪಿನ ಬದಿ ಒಂದು. ಪಟ್ಟಿ ಬಿಚ್ಚಿ ಕಿವಿಗಳ ನಡುವೆ ಒಂದು. ಹಿಂಬದಿಯ ಮುಚ್ಚಳ ಒಂದು. ಒಳಗಿನ ಯಂತ್ರ ಒಂದು. ಮುಚ್ಚಳದ ಮೇಲೆ ಕೊರೆದ ಅಕ್ಷರ ಸವೆದಿದ್ದರೆ ಟಾರ್ಚನ್ನು ಮೇಜಿನ ಮಟ್ಟದಲ್ಲಿ ಪಕ್ಕದಿಂದ ಬಿಡಬೇಕು. ಕೊರೆತದ ಒಳಗೆ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಮುಚ್ಚಳವನ್ನು ಚಾಕುವಿನಿಂದ ಎಬ್ಬಬಾರದು. ರಿಪೇರಿಯವರಿಂದ ತೆಗೆಸಿ, ಯಂತ್ರಕ್ಕೆ ಬೆರಳು ಸೋಕದಂತೆ ಅಲ್ಲಿಯೇ ಫೋಟೋ ತೆಗೆಯುವುದು ಕ್ಷೇಮ.

ಮೇಲೆ ಹೇಳಿದ ಗಡಿಯಾರವನ್ನು ನಾವು ಇದೇ ಕ್ರಮದಲ್ಲಿ ಏಳು ಚಿತ್ರ ತೆಗೆದೆವು. ಯಂತ್ರದ ಮೇಲೆ ಎಚ್.ಎಂ.ಟಿ. ಎಂಬ ಗುರುತು ಸ್ವಚ್ಛವಾಗಿತ್ತು. ಆದರೆ ಡಯಲಿನ ಹತ್ತಿರದ ಚಿತ್ರದಲ್ಲಿ ಅಕ್ಷರಗಳ ಅಂಚು ಶಾಯಿ ಹರಡಿದಂತೆ ದಪ್ಪಗಿತ್ತು, ನಿಮಿಷದ ಗೆರೆಗಳು ಗಂಟೆಯ ಗುರುತುಗಳ ನೇರಕ್ಕೆ ಕೂಡಿರಲಿಲ್ಲ, ಅಂಚಿನಲ್ಲಿ ಹೊಸ ಬಣ್ಣ ಹಳೆಯ ಲೋಹದ ಮೇಲೆ ಹರಿದಿತ್ತು. "ಯಂತ್ರ ಅಸಲಿ, ಡಯಲ್ ಮರುಬಣ್ಣದ್ದು" ಎಂಬ ಉತ್ತರ ಅದೇ ಸಂಜೆ ಬಂತು. ಅದೇ ಚಿತ್ರಗಳನ್ನು ತೋರಿಸಿದ ಮೇಲೆ ಮಾರಿದವನು 700 ರೂಪಾಯಿ ಹಿಂತಿರುಗಿಸಿದ. ನಮ್ಮ ಮಿತ್ರರು ಗಡಿಯಾರವನ್ನು ಉಳಿಸಿಕೊಂಡರು. ತಂದೆಗೆ ಡಯಲಿನ ಸಂಗತಿ ತಿಳಿಸಿಯೇ ಕೊಡುತ್ತಾರಂತೆ.

ಕಳುಹಿಸುವಾಗ ಎರಡು ಎಚ್ಚರ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋವಾಗಿ ಕಳುಹಿಸಿದರೆ ಚಿತ್ರ ಕುಗ್ಗಿ ಸೂಕ್ಷ್ಮಾಂಶ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. ಅಂದ ಹೆಚ್ಚಿಸುವ ಫಿಲ್ಟರ್ ಹಾಕಬಾರದು. ಅದು ಹರಡಿದ ಶಾಯಿಯನ್ನೇ ತಿದ್ದಿಬಿಡಬಹುದು. ಒಂದು ಮಾತು ನೆನಪಿರಲಿ: ಫೋಟೋ ನೋಡಿ "ಇದು ಮರುಬಣ್ಣ" ಎಂದು ಖಚಿತವಾಗಿ ಹೇಳಬಹುದು; "ಎಲ್ಲವೂ ಅಸಲಿ" ಎಂದು ಹೇಳಬೇಕಾದರೆ ಗಡಿಯಾರವೇ ಬಲ್ಲವರ ಕೈಗೆ ಹೋಗಬೇಕು.