ಕಾರಿನ ಬಿಲ್ಲಿನ ತೆರಿಗೆ ಜಮೆಗೆ ಬಾರದು

ಸ್ವಂತ ತೋಟದ ಬೆಳೆಯನ್ನಷ್ಟೇ ಮಾರುವ ಸದಸ್ಯರಿಗೆ ಜಿ.ಎಸ್.ಟಿ. ನೋಂದಣಿ ಬೇಕಿಲ್ಲ. ಈ ಲೇಖನ ತೋಟದ ಜೊತೆಗೆ ಅಂಗಡಿಯನ್ನೂ ಇಟ್ಟು, ಒಣ ಅಡಿಕೆ, ಕಾಫಿಪುಡಿಗಳನ್ನು ಕೊಂಡು ಮಾರುವ ನೋಂದಾಯಿತ ಸದಸ್ಯರಿಗಾಗಿ ಬರೆದದ್ದು.

ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆದುಕೊಳ್ಳುವುದೇ ಇನ್‌ಪುಟ್ ಕ್ರೆಡಿಟ್. ಆದರೆ ಕಾನೂನಿನ 17(5)ನೆಯ ಕಲಮು ಕೆಲವು ಖರ್ಚುಗಳಿಗೆ ಈ ಬಾಗಿಲು ಮುಚ್ಚಿದೆ. ಚಾಲಕನೂ ಸೇರಿ 13 ಜನರವರೆಗೆ ಕೂರುವ ಮೋಟಾರು ವಾಹನ, ಅದರ ವಿಮೆ ಮತ್ತು ರಿಪೇರಿ, ಊಟ-ತಿಂಡಿ, ಮನೆಬಳಕೆಯ ವಸ್ತು ಇವೆಲ್ಲ ಅದರಲ್ಲಿ ಸೇರಿವೆ. ಕಾರು ಅಂಗಡಿಯ ಕೆಲಸಕ್ಕೇ ಓಡಿದರೂ ಜಮೆ ಸಿಗದು. ಬಾಡಿಗೆಗೆ ಜನರನ್ನು ಸಾಗಿಸುವವರಿಗೆ, ಕಾರನ್ನೇ ಮಾರುವವರಿಗೆ, ಚಾಲನೆ ಕಲಿಸುವವರಿಗೆ ಮಾತ್ರ ವಿನಾಯಿತಿ. ಸರಕು ಸಾಗಿಸುವ ಗಾಡಿಯ ಮಾತು ಬೇರೆ. ವ್ಯಾಪಾರದ ಮಾಲು ಹೊರುವ ಗಾಡಿಗೆ ಜಮೆ ಉಂಟು.

ಲಕ್ಷ್ಮೇಶ್ವರದ ಒಬ್ಬ ಸದಸ್ಯರು ಗದಗ-ಬೆಟಗೇರಿಯಲ್ಲಿ ಅಂಗಡಿ ಇಟ್ಟಿದ್ದಾರೆಂದು ಇಟ್ಟುಕೊಳ್ಳೋಣ. ಒಂದು ತಿಂಗಳಲ್ಲಿ 40 ಲಕ್ಷದ ಮಾಲು ಮಾರಿದರು. ಶೇಕಡಾ 5ರಂತೆ ತೆರಿಗೆ 2,00,000 ರೂಪಾಯಿ. ಕೊಂಡ ಮಾಲಿಗೆ ಕೊಟ್ಟ ತೆರಿಗೆ 1,50,000. ಅದೇ ತಿಂಗಳು 6 ಲಕ್ಷದ ಸಣ್ಣ ಕಾರು ಕೊಂಡರು. 2025ರ ಸೆಪ್ಟೆಂಬರ್ 22ರಿಂದ ಇದಕ್ಕೆ ದರ ಶೇಕಡಾ 18, ಅಂದರೆ ತೆರಿಗೆ 1,08,000. ಮುಂಡರಗಿ, ಶಿರಹಟ್ಟಿಯ ಗಿರಾಕಿಗಳಿಗೆ ಹಾಕಿಸಿದ ಊಟದ ಮೇಲೆ 1,000. ಅಂಗಡಿಯ ನಂಬರು ಕೊಟ್ಟು ಮನೆಗೆ ತಂದ ಫ್ರಿಜ್ಜಿನ ಮೇಲೆ 7,200.

ಮಾರಿದವರೆಲ್ಲ ಬಿಲ್ಲು ಏರಿಸಿದ ಮೇಲೆ GSTR-2B ಪಟ್ಟಿಯಲ್ಲಿ 2,66,200 ರೂಪಾಯಿ ಕಾಣುತ್ತದೆ. ಮೋಸ ಹೋಗುವುದು ಇಲ್ಲೇ. ಕಾರು ಯಾವುದು, ಅಡಿಕೆ ಯಾವುದು ಎಂದು ಆ ಪಟ್ಟಿ ವಿಂಗಡಿಸುವುದಿಲ್ಲ. ಅದನ್ನೇ ನಂಬಿದರೆ ಕಟ್ಟುವುದೇನೂ ಇಲ್ಲ, ಮೇಲೆ 66,200 ಉಳಿಯಿತು ಎಂದು ತೋರುತ್ತದೆ. ನಿಜವಾದ ಜಮೆ 1,50,000 ಮಾತ್ರ. ನಗದಾಗಿ ಕಟ್ಟಬೇಕಾದದ್ದು 50,000.

ಹಾಗಾಗಿ GSTR-3Bಯ 4(A)(5)ರಲ್ಲಿ ಪೂರ್ತಿ 2,66,200 ತೋರಿಸಿ, 4(B)(1)ರಲ್ಲಿ ತಡೆಯಾದ 1,16,200ನ್ನು ಹಿಂದಿರುಗಿಸಬೇಕು. ತಿಂಗಳ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಕಾರು, ಹೋಟೆಲು, ಮನೆಸಾಮಾನಿನವನ್ನು ಬೇರೆ ಕಟ್ಟಿಟ್ಟರೆ ಗುಮಾಸ್ತನಿಗೂ ಸುಲಭ.

ಹಿಂದಿರುಗಿಸದೆ ಬಿಟ್ಟರೆ ಬಡ್ಡಿ ವರ್ಷಕ್ಕೆ ಶೇಕಡಾ 18. ಆದರೆ ಅದು ಪುಸ್ತಕದಲ್ಲಿ ಬಳಸದೆ ಉಳಿದ ಜಮೆಯ ಮೇಲಲ್ಲ, ಬಳಸಿಕೊಂಡ ಮೊತ್ತದ ಮೇಲೆ. ಮೇಲಿನ ಲೆಕ್ಕದಲ್ಲಿ ಬಳಸಿದ್ದು 50,000. ಬಡ್ಡಿ ತಿಂಗಳಿಗೆ 750 ರೂಪಾಯಿ. ಮುಂದಿನ ತಿಂಗಳು ಉಳಿದ 66,200ಕ್ಕೂ ಕೈ ಹಾಕಿದರೆ ಅದಕ್ಕೂ ಬಡ್ಡಿ ಬೀಳುತ್ತದೆ. ದಂಡದ ಮಾತು ಬೇರೆ.

ಕಾರಿನ ತೆರಿಗೆ ಪೂರ್ತಿ ನಷ್ಟವೆಂದೂ ತಿಳಿಯಬೇಕಿಲ್ಲ. ಜಮೆ ತೆಗೆದುಕೊಳ್ಳದ 1,08,000 ಕಾರಿನ ಬೆಲೆಗೇ ಸೇರಿ 7,08,000 ಆಗುತ್ತದೆ. ಅಂಗಡಿಯ ಕೆಲಸಕ್ಕೆ ಬಳಸಿದಷ್ಟರ ಮಟ್ಟಿಗೆ ಆದಾಯ ತೆರಿಗೆಯಲ್ಲಿ ಶೇಕಡಾ 15ರ ಸವಕಳಿ ಆ ಮೊತ್ತದ ಮೇಲೆ ಸಿಗುತ್ತದೆ. ಫ್ರಿಜ್ಜಿಗೆ ಇದೂ ಇಲ್ಲ. ಅದು ಮನೆಯ ಖರ್ಚು.