ಮೋಸದ ಮೇಲ್ ಬಂದಿದೆಯೇ? ಸಿಬ್ಬಂದಿಗೆ ಸೂಚನೆ ಹೀಗೆ ಬರೆಯಿರಿ

ಕಚೇರಿಗೆ ಮೋಸದ ಮೇಲ್ ಬಂದಾಗ ಹೊರಡುವ ಸೂಚನೆಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: ಸೈಬರ್ ವಂಚನೆ ಹೆಚ್ಚಿದೆ, ಎಲ್ಲರೂ ಜಾಗರೂಕರಾಗಿರಿ, ತಪ್ಪಿದಲ್ಲಿ ಶಿಸ್ತುಕ್ರಮ. ಓದಿದವರಿಗೆ ಹೆದರಿಕೆ ಹುಟ್ಟುತ್ತದೆಯೇ ಹೊರತು ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಯಾವ ಮೇಲ್ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. ಬಳಿಕ ಮಾಡಬೇಕಾದ ಕೆಲಸ, ಕರೆ ಮಾಡಬೇಕಾದ ನಂಬರ್. ಸಂಬಳದ ಹೆಸರಿನಲ್ಲಿ ಬಂದ ಮೇಲ್‌ಗೆ ಇಷ್ಟು ಸಾಕು:

"ಇಂದು ಬೆಳಿಗ್ಗೆ ನಮ್ಮಲ್ಲಿ ಕೆಲವರಿಗೆ 'ಪರಿಷ್ಕೃತ ಸಂಬಳ ಪಟ್ಟಿ' ಎಂಬ ಮೇಲ್ ಬಂದಿದೆ. ಅದನ್ನು ಲೆಕ್ಕಪತ್ರ ವಿಭಾಗ ಕಳಿಸಿಲ್ಲ. ಸಂಜೆ 5ರೊಳಗೆ ಲಾಗಿನ್ ಆಗದಿದ್ದರೆ ಸಂಬಳ ತಡೆಯುತ್ತೇವೆ ಎಂದು ಅದರಲ್ಲಿರುವುದು ಸುಳ್ಳು. ಲಿಂಕ್ ಒತ್ತಬೇಡಿ, ಉತ್ತರ ಬರೆಯಬೇಡಿ. ಮೇಲ್ ಬಂದಿದ್ದರೆ ಅಳಿಸದೆ ಐಟಿ ವಿಭಾಗಕ್ಕೆ, ಒಳಸಂಖ್ಯೆ 214ಕ್ಕೆ ತಿಳಿಸಿ. ಪಾಸ್‌ವರ್ಡ್ ಕೊಟ್ಟಾಗಿದ್ದರೆ ಈಗಲೇ ಕರೆ ಮಾಡಿ. ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ."

ಕೊನೆಯ ವಾಕ್ಯವನ್ನು ಕೆಲವು ಮೇಲಧಿಕಾರಿಗಳು ಹೊಡೆದುಹಾಕುತ್ತಾರೆ. ದಯವಿಟ್ಟು ಅದನ್ನು ಹಾಗೇ ಉಳಿಸಿ. ಶಿಕ್ಷೆಯ ಭಯವಿದ್ದರೆ ಪಾಸ್‌ವರ್ಡ್ ಕೊಟ್ಟವರು ಬಾಯಿ ಬಿಡುವುದಿಲ್ಲ, ಅಷ್ಟು ಹೊತ್ತೂ ಕಳ್ಳ ಅವರ ಖಾತೆಯೊಳಗೇ ಇರುತ್ತಾನೆ.

ಇನ್ನು ನಾನು ಮತ್ತೆ ಮತ್ತೆ ಕಾಣುವ ತಪ್ಪು. "ಇಂಥದ್ದು ಬಂದಿದೆ, ಎಚ್ಚರ" ಎಂದು ಆ ಮೇಲನ್ನೇ ಎಲ್ಲರಿಗೂ ಫಾರ್ವರ್ಡ್ ಮಾಡುತ್ತಾರೆ. ಫಾರ್ವರ್ಡ್ ಆದರೂ ಲಿಂಕ್‌ಗೆ ಜೀವ ಇದ್ದೇ ಇರುತ್ತದೆ. ಮೇಲಾಗಿ ಕಳಿಸಿದವರ ಜಾಗದಲ್ಲಿ ಅಪರಿಚಿತನ ಬದಲು ಮ್ಯಾನೇಜರ್ ಹೆಸರು ಕಾಣುತ್ತದೆ. ಮೊಬೈಲ್‌ನಲ್ಲಿ ಅವಸರವಾಗಿ ನೋಡುವವರು ಹೆಸರು ನಂಬಿ ಲಿಂಕ್ ಒತ್ತುತ್ತಾರೆ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೂ ಇದೇ ಕಥೆ. ತೋರಿಸಲೇಬೇಕಿದ್ದರೆ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ಇರುವ ಭಾಗ ಮುಚ್ಚಿ, ಅಡ್ಡಲಾಗಿ 'ನಕಲಿ' ಎಂದು ದಪ್ಪಗೆ ಬರೆದು ಕಳಿಸಿ.

ನಿಮ್ಮ ಸೂಚನೆಯಲ್ಲೂ ಲಿಂಕ್ ಬೇಡ. "ಪಾಸ್‌ವರ್ಡ್ ಬದಲಿಸಲು ಇಲ್ಲಿ ಒತ್ತಿ" ಎಂದು ನೀವು ಬರೆದರೆ ನಾಳೆ ವಂಚಕನೂ ಅದೇ ಮಾತನ್ನು ನಿಮ್ಮ ಹೆಸರಿನಲ್ಲಿ ಬರೆಯುತ್ತಾನೆ. ದಿನವೂ ಲಾಗಿನ್ ಆಗುವ ವಿಳಾಸವನ್ನು ತಾವೇ ಟೈಪ್ ಮಾಡಲು ಹೇಳಿ.

ಪಾಸ್‌ವರ್ಡ್ ಕೊಟ್ಟವರ ಖಾತೆಯಲ್ಲಿ ಐಟಿಯವರು ಮೊದಲು ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿಸಲಿ. ಬಳಿಕ ಮೇಲ್ ಸೆಟ್ಟಿಂಗ್ಸ್‌ನಲ್ಲಿ ಆಟೋ ಫಾರ್ವರ್ಡ್ ನೋಡಲಿ. ಅಲ್ಲಿ ಕಳ್ಳ ತನ್ನ ವಿಳಾಸ ಸೇರಿಸಿದ್ದರೆ ಪಾಸ್‌ವರ್ಡ್ ಬದಲಿಸಿದ ಮೇಲೂ ಪತ್ರಗಳು ಅವನಿಗೆ ಹೋಗುತ್ತಲೇ ಇರುತ್ತವೆ.

ಹಣ ಹೋಗಿದ್ದರೆ ಕಚೇರಿಯ ಅನುಮತಿಗೆ ಕಾಯಬೇಡಿ. ತಕ್ಷಣ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಿ, `cybercrime.gov.in`ನಲ್ಲಿ ದೂರು ದಾಖಲಿಸಿ.