ಕಾಲುಗುರಿನ ವಿಕಾರ: ಶಿಲೀಂಧ್ರವೋ, ಸೋರಿಯಾಸಿಸ್ಸೋ, ಪೆಟ್ಟೋ?

ನ್ಯಾಮತಿ ಭಾಗದಲ್ಲಿ ಭತ್ತದ ಗದ್ದೆಯ ಕೆಸರಿನಲ್ಲಿ ದುಡಿಯುವವರ ಕಾಲುಗುರು ದಪ್ಪವಾಗಿ, ಹಳದಿಗಟ್ಟಿ, ಪುಡಿಯಾಗಿ ಉದುರಿದರೆ ಅದನ್ನು ಶಿಲೀಂಧ್ರ ಸೋಂಕೆಂದೇ ತಿಳಿಯುವುದು ರೂಢಿ. ಆದರೆ ಇಂತಹ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಶಿಲೀಂಧ್ರ ಕಾರಣ. ಉಳಿದವುಗಳಿಗೆ ಅದರ ಔಷಧದಿಂದ ಪ್ರಯೋಜನವಿಲ್ಲ.

ಶಿಲೀಂಧ್ರವು ಸಾಮಾನ್ಯವಾಗಿ ಉಗುರಿನ ತುದಿ ಅಥವಾ ಪಕ್ಕದಿಂದ ಬುಡದತ್ತ ಸಾಗುತ್ತದೆ. ಉಗುರಿನಡಿಯಲ್ಲಿ ಪುಡಿ ಕೂಡುತ್ತದೆ. ಬೆರಳುಸಂದಿಯ ಚರ್ಮ ಬೆಳ್ಳಗಾಗಿ ಸುಲಿಯುವುದೂ ಉಂಟು. ಸೋರಿಯಾಸಿಸ್‌ನಲ್ಲಿ ಕೈಯುಗುರುಗಳ ಮೇಲೆ ಸೂಜಿಮೊನೆಯಿಂದ ಚುಚ್ಚಿದಂತಹ ಕುಳಿಗಳು, ಎಣ್ಣೆಹನಿಯಂತಹ ಕಲೆಗಳು, ಮೊಣಕೈ, ಮೊಣಕಾಲು ಅಥವಾ ನೆತ್ತಿಯಲ್ಲಿ ಹೊಪ್ಪಳೆ ಕಾಣಬಹುದು. ಇದು ಅಂಟುರೋಗವಲ್ಲ.

ಪೆಟ್ಟಿನ ಕಲೆಯನ್ನು ಅಳತೆಯಿಂದ ಗುರುತಿಸಬಹುದು. ಹೆಬ್ಬೆರಳಿನ ಉಗುರು ತಿಂಗಳಿಗೆ ಸುಮಾರು 1ರಿಂದ 1.5 ಮಿಲಿಮೀಟರ್ ಬೆಳೆಯುತ್ತದೆ. ಹೆಪ್ಪುಗಟ್ಟಿದ ರಕ್ತದ ಕಲೆ ಅದರೊಡನೆ ಮುಂದಕ್ಕೆ ಸರಿದು, ಬುಡದಲ್ಲಿ ಸ್ವಚ್ಛ ಉಗುರು ಮೂಡುತ್ತದೆ. ಮುಂದಕ್ಕೆ ಸರಿಯದ, ಅಗಲವಾಗುತ್ತಿರುವ ಅಥವಾ ಬುಡದ ಚರ್ಮಕ್ಕೂ ಹರಡಿದ ಕಪ್ಪು ಕಲೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಇರುವುದರಿಂದ ವೈದ್ಯರಿಗೆ ತಡಮಾಡದೆ ತೋರಿಸತಕ್ಕದ್ದು.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಎರಡು ವರ್ಷಗಳ ಹಿಂದೆ ಬಲಗಾಲ ಹೆಬ್ಬೆರಳಿಗೆ ಕಲ್ಲು ಬಿದ್ದಿದ್ದ ರೈತರೊಬ್ಬರ ಉಗುರು ಈಗ ಹಳದಿಯಾಗಿದೆ ಎಂದಿಟ್ಟುಕೊಳ್ಳೋಣ. ಮೂರು ತಿಂಗಳು ಅಳೆದರೂ ಬುಡದ ಸ್ವಚ್ಛ ಭಾಗ ಹೆಚ್ಚಲಿಲ್ಲ. ಹಳದಿಯೇ ಹಿಂದಕ್ಕೆ ಸರಿಯಿತು. ಅದೇ ಪಾದದ ಬೆರಳುಸಂದಿ ಸುಲಿಯುತ್ತಿದೆ; ಕೈಯುಗುರುಗಳಲ್ಲಿ ಕುಳಿಗಳಿಲ್ಲ. ಹಳೆಯ ಪೆಟ್ಟಿನಿಂದ ಸಡಿಲಗೊಂಡ ಉಗುರಿಗೆ ಶಿಲೀಂಧ್ರ ಸೇರಿರಬಹುದೆಂದು ಇದು ಸೂಚಿಸುತ್ತದೆ. ಆದರೂ ಇದು ಅನುಮಾನವೇ ಹೊರತು ನಿರ್ಣಯವಲ್ಲ.

ನಿರ್ಣಯಕ್ಕೆ ಉಗುರಿನ ತುಣುಕನ್ನೂ ಅದರಡಿಯ ಪುಡಿಯನ್ನೂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮೃದುಗೊಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಈ ರೈತರ ಮೊದಲ ಮಾದರಿಯನ್ನು ತುದಿಯಿಂದಷ್ಟೇ ತೆಗೆದಿದ್ದರಿಂದ ಏನೂ ಕಾಣಲಿಲ್ಲ. ಸ್ವಚ್ಛ ಭಾಗದ ಸಮೀಪದಿಂದ ತೆಗೆದ ಎರಡನೆಯದರಲ್ಲಿ ಶಿಲೀಂಧ್ರದ ಎಳೆಗಳು ಕಂಡವು. ಆದುದರಿಂದ ಒಮ್ಮೆ ಏನೂ ಕಾಣದಿದ್ದರೆ ಸೋಂಕಿಲ್ಲವೆಂದು ತೀರ್ಮಾನಿಸುವಂತಿಲ್ಲ. ಪರೀಕ್ಷೆಗೆ ಮೊದಲೇ ಅಂಗಡಿಯ ಮುಲಾಮು ಹಚ್ಚಿದರೂ ಫಲಿತಾಂಶ ತಪ್ಪಬಹುದು. ಸೋರಿಯಾಸಿಸ್ ಇರುವ ಉಗುರಿಗೂ ಶಿಲೀಂಧ್ರ ತಗಲಬಹುದು.

ಸೋಂಕು ಖಚಿತವಾದಾಗ ವೈದ್ಯರು ಸಾಮಾನ್ಯವಾಗಿ ಟರ್ಬಿನಾಫಿನ್ ಮಾತ್ರೆಯನ್ನು 12 ವಾರ ಕೊಡುತ್ತಾರೆ. ಇದು ಯಕೃತ್ತಿಗೆ ತೊಂದರೆ ಮಾಡಬಹುದಾದ್ದರಿಂದ ಮೊದಲೇ ರಕ್ತಪರೀಕ್ಷೆ ಮಾಡಿಸುವುದುಂಟು. ಮಾತ್ರೆ ಮುಗಿದ ಮೇಲೂ ಹೊಸ ಉಗುರು ಪೂರ್ಣ ಬೆಳೆಯಲು 12ರಿಂದ 18 ತಿಂಗಳು ಬೇಕು. ಅಲ್ಲಿಯವರೆಗೆ ಹಳೆಯ ಭಾಗ ವಿಕಾರವಾಗಿಯೇ ಇರುತ್ತದೆ.

ಸದಸ್ಯರು ತಮ್ಮ ವಾರ್ಡಿನಲ್ಲಿ ಇಂತಹವರನ್ನು ಕಂಡರೆ ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಮಧುಮೇಹವಿದ್ದು ಪಾದ ಜೋಮು ಹಿಡಿದಿದ್ದರೆ ಉಗುರನ್ನು ಬ್ಲೇಡಿನಿಂದ ಕತ್ತರಿಸಕೂಡದು. ಕೀವು ಅಥವಾ ಊತ ಕಂಡರೆ ಅಂದೇ ವೈದ್ಯರನ್ನು ಕಾಣತಕ್ಕದ್ದು.